ಕಾಕಾರ ಮುಂದ 22 ಸ್ಲೈಡ್ ಬ್ಯಾಡ, ಒಂದು ಬಾಟಲಿ ಲೆಕ್ಕ ಇಡ್ರಿ

ಪ್ರಶ್ನೆ: "ಸರ್, ನಾನು ಧಾರವಾಡದಾಕಿ, 27 ವರ್ಷ. ಎರಡು ವರ್ಷದಿಂದ ಮನ್ಯಾಗ ತಲಿಗೆ ಹಚ್ಚೋ ಎಣ್ಣಿ, ಲಿಪ್ ಬಾಮ್, ಫೇಸ್ ಪ್ಯಾಕ್, ಕ್ರೀಮು ಹಿಂಗ ಒಟ್ಟು 11 ಐಟಂ ಮಾಡಿ ವಾಟ್ಸಾಪ್, ಇನ್‌ಸ್ಟಾದಾಗ ಮಾರ್ತೀನಿ. ಎಣ್ಣಿನೇ ಹೆಚ್ಚು ಹೋಗ್ತದ, ತಿಂಗಳಿಗೆ 45-50 ಬಾಟಲಿ. ಇಲ್ಲಿತನಕ 310 ಮಂದಿ ತಗೊಂಡಾರ. ಅಪ್ಪಾರ ಗೆಳೆಯರೊಬ್ರು ಹುಬ್ಬಳ್ಯಾಗ ಹಾರ್ಡ್‌ವೇರ್ ಹೋಲ್‌ಸೇಲ್ ಮಾಡ್ತಾರ, ನಾವು ಕಾಕಾ ಅಂತೀವಿ. 'ಸರಿಯಾಗಿ ತಿಳಿಸಿ ಹೇಳವಾ, ಹತ್ತು ಲಕ್ಷ ಹಾಕೋಣಂತ' ಅಂದಾರ. ಇಂಟರ್ನೆಟ್ಟಿನಿಂದ ತಗೊಂಡು 22 ಸ್ಲೈಡ್ ಮಾಡೀನಿ, ಭಾರತದ ಬ್ಯೂಟಿ ಮಾರ್ಕೆಟ್ ಎಷ್ಟು ಸಾವಿರ ಕೋಟಿ ಅಂತೆಲ್ಲ ಹಾಕೀನಿ, ಆದ್ರ ತೋರ್ಸಾಕ ಧೈರ್ಯ ಬರವಲ್ದು. ಅವ್ರು ಏನು ಕೇಳ್ತಾರ, ನಾ ಏನು ತೋರಿಸ್ಬೇಕು, ಪಾಲು ಎಷ್ಟು ಕೊಡ್ಬೇಕು?"

ಉತ್ತರ:

ಆ ಸಾವಿರ ಕೋಟಿ ಸ್ಲೈಡ್ ಮೊದ್ಲು ತಗದು ಹಾಕ್ರಿ. ಮೂವತ್ತು ವರ್ಷ ನಟ್ಟು ಬೋಲ್ಟು ಮಾರಿದ ಮನುಷ್ಯಾಗ ದೇಶದ ಮಾರ್ಕೆಟ್ ಎಷ್ಟು ದೊಡ್ಡದು ಅನ್ನೋದು ಬೇಕಾಗಿಲ್ಲ, ಒಂದು ಪೀಸಿನ ಮ್ಯಾಲೆ ಎಷ್ಟು ಉಳೀತದ, ಉದ್ರಿ ಎಷ್ಟು ದಿನ ನಿಲ್ತದ, ಮಾಲು ವಾಪಸ್ ಬಂದ್ರ ಯಾರ ತಲಿ ಮ್ಯಾಲೆ, ಈ ಮೂರಾ ಅವ್ರ ತಲ್ಯಾಗ ಓಡ್ತಿರ್ತಾವ. ನಾನು ಹುಬ್ಬಳ್ಳಿ-ಗದಗ ಕಡೆ ಹದಿನೈದು ವರ್ಷ ಕಾಸ್ಮೆಟಿಕ್ ಡಿಸ್ಟ್ರಿಬ್ಯೂಷನ್ ಮಾಡ್ದಾವ, ಈಗ ಸಣ್ಣ ಬ್ರ್ಯಾಂಡಿನವ್ರಿಗೆ ಲೆಕ್ಕ ಕೂಡಿಸಿ ಕೊಡ್ತೀನಿ, ಇಂಥಾ ಮಾತುಕತಿ ಭಾಳ ನೋಡೀನಿ. ಬ್ಯಾಡಗಿಯ ದಲಾಲಿ ಅಂಗಡ್ಯಾಗ ಒಬ್ಬ ಹುಡುಗ ಬ್ಯಾಡಗಿ ಮೆಣಸಿನಕಾಯಿ ಬಣ್ಣದ ಲಿಪ್‌ಸ್ಟಿಕ್ ಮಾಡ್ತೀನಿ ಅಂತ ಲ್ಯಾಪ್‌ಟಾಪ್ ತಗದು ಅರ್ಧ ತಾಸು ಹೇಳ್ದ. ಐಡಿಯಾ ಏನೂ ಹುಚ್ಚಲ್ಲ, ಬ್ಯಾಡಗಿ ಕಾಯ್ಯಾಗ ಖಾರ ಕಮ್ಮಿ ಬಣ್ಣ ಹೆಚ್ಚು, ಅದರಿಂದ ತಗದ ಓಲಿಯೋರೆಸಿನ್ ಅನ್ನೋ ಗಟ್ಟಿ ಸತ್ವ ಲಿಪ್‌ಸ್ಟಿಕ್, ನೇಲ್ ಪಾಲಿಶ್ ಮಾಡೋರ್ತನಕ ಹೋಗ್ತದ. ಸಾವ್ಕಾರ್ರು ಎಲ್ಲಾ ಕೇಳಿ ಒಂದಾ ಪ್ರಶ್ನೆ ಹಾಕಿದ್ರು: "ತಮ್ಮಾ, ಬಣ್ಣ ಯಾರ ಕಡೆ ತಗೋತಿ, ಕೇಜಿ ಏನು ರೇಟು?" ಹುಡುಗ ಸುಮ್ನಾದ. ಅಲ್ಲಿಗೆ ಮುಗೀತು.

ಅದಕ್ಕ ಒಂದಾ ಹಾಳಿ ಮಾಡ್ರಿ, ಕನ್ನಡದಾಗ, ಎರಡೂ ಬದಿ. ಅದ್ರ ಮ್ಯಾಲೆ ಏನಿರ್ಬೇಕು ಅಂತ ಹೇಳ್ತೀನಿ. ಆದ್ರ ಅದಕ್ಕೂ ಮೊದ್ಲು ನೀವು ಪತ್ರದಾಗ ಹಗುರಾಗಿ ದಾಟಿಸಿದ ಒಂದು ಮಾತದಲ್ಲ, "ಮನ್ಯಾಗ ಮಾಡಿ ಮಾರ್ತೀನಿ" ಅನ್ನೋದು, ಅದನ್ನ ನೋಡ್ಬೇಕು.

ಅಡಗಿಮನ್ಯಾಗ ಮಾಡಿದ ಎಣ್ಣಿ ಮನಿ ಮಂದಿಗೆ ಕೊಟ್ರ ಯಾರೂ ಕೇಳೂದಿಲ್ಲ, ಮಾರಾಟಕ್ಕ ಅಂತ ಮಾಡಿದ್ರ 2020ರ ಕಾಸ್ಮೆಟಿಕ್ಸ್ ರೂಲ್ಸ್ ಪ್ರಕಾರ ತಯಾರಿಕಾ ಲೈಸೆನ್ಸ್ ಬೇಕು. ಕೊಡೋದು ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳು. "ನ್ಯಾಚುರಲ್ ಅದ, ಕೆಮಿಕಲ್ ಇಲ್ಲ, ಅದಕ್ಕ ಲೈಸೆನ್ಸ್ ಬ್ಯಾಡ" ಅನ್ನೋದು ನಮ್ಮ ಕಡೆ ಎಲ್ಲಾರ ಬಾಯಾಗಿರೋ ಸುಳ್ಳು, ದಾಸಾಳ ಹೂವಿನ ಎಣ್ಣಿನೂ ಕಾಸ್ಮೆಟಿಕ್ಕೇ, ಕೈಲೇ ಮಾಡಿದ ಸೋಪೂ ಕಾಸ್ಮೆಟಿಕ್ಕೇ. ಇದನ್ನ ಕಾಕಾರಿಂದ ಮುಚ್ಚಿಟ್ಟು ರೊಕ್ಕ ತಗೊಂಡ್ರಿ ಅಂದ್ರ ನಾಳೆ ಅವ್ರ ಸಿಎ ಒಂದು ನಿಮಿಷದಾಗ ತಗದು ತೋರಿಸ್ತಾನ, ಆಗ ಹೋಗೋದು ರೊಕ್ಕ ಅಷ್ಟಾ ಅಲ್ಲ, ಅಪ್ಪಾರ ಗೆಳೆತನನೂ.

ಇದಕ್ಕ ಮೂರು ದಾರಿ ಅವ. ಸ್ವಂತ ಯೂನಿಟ್ ಹಾಕೋದು ಒಂದು: ಸಿಒಎಸ್-5 ಅರ್ಜಿ ಹಾಕಿ ಸಿಒಎಸ್-8 ಲೈಸೆನ್ಸ್ ತಗೋಬೇಕು, ಅದಕ್ಕ ಬ್ಯಾರೆ ಜಾಗಾ, ಸಲಕರಣಿ, ಅರ್ಹತಿ ಇರೋ ಟೆಕ್ನಿಕಲ್ ಸಿಬ್ಬಂದಿ ಎಲ್ಲಾ ಬೇಕು, ತಿಂಗಳಿಗೆ 50 ಬಾಟಲಿ ಮಾರೋವಾಗ ಇದು ಹುಚ್ಚುತನ. ಎರಡನೇದು ಲೋನ್ ಲೈಸೆನ್ಸ್: ಬ್ಯಾರೇವ್ರ ಲೈಸೆನ್ಸ್ ಇರೋ ಫ್ಯಾಕ್ಟರಿ ಒಳಗ ನಿಮ್ಮ ಹೆಸರಿನ ಲೈಸೆನ್ಸ್ ಮ್ಯಾಲೆ ಮಾಡಿಸೋದು. ಮೂರನೇದು ನೆಟ್ಟಗ ಕಾಂಟ್ರ್ಯಾಕ್ಟ್ ಮ್ಯಾನುಫ್ಯಾಕ್ಚರಿಂಗ್, ಮಾರ್ಕೆಟಿನ್ಯಾಗ ಎಲ್ಲಾರೂ ಥರ್ಡ್ ಪಾರ್ಟಿ ಅಂತಾರಲ್ಲ ಅದು. ತಯಾರಕರು ಅವ್ರು, ಮಾರಾಟಗಾರರು ನೀವು, ಲೇಬಲ್ ಮ್ಯಾಲೆ ಇಬ್ರ ಹೆಸರೂ ಇರ್ತದ, ಲೈಸೆನ್ಸ್ ನಂಬರ್ ಅವ್ರದು. ನಿಮಗ ಈಗ ಇದಾ ಸಾಕು. ಆದ್ರ ಎರಡು ಎಚ್ಚರ ಬೇಕು. ಅವ್ರ ಲೈಸೆನ್ಸ್ ಪ್ರತಿ ಕೇಳಿ ತಗೋರಿ, ಅದ್ರಾಗ ಹೇರ್ ಆಯಿಲ್ ಸೇರೇದೇನು ನೋಡ್ರಿ, ಬರೇ ಸೋಪಿನ ಪರವಾನಗಿ ಇಟ್ಕೊಂಡು ಎಣ್ಣಿ ತುಂಬಿ ಕೊಡೋರೂ ಅದಾರ. ಎರಡನೇದು, ಎಣ್ಣಿಯ ಸೂತ್ರ ನಿಮ್ಮದು, ನಿಮ್ಮನ್ನ ಕೇಳದೇ ಪದಾರ್ಥ ಬದಲಿ ಮಾಡಂಗಿಲ್ಲ, ಕೆಟ್ಟ ಬ್ಯಾಚಿನ ಖರ್ಚು ಅವ್ರದು ಅಂತ ಕಾಗದದ ಮ್ಯಾಲೆ ಬರೆಸ್ಕೋರಿ. ನನ್ನ ಅನುಭವ ಹೇಳ್ತೀನಿ, ಹಿಂದ ಒಂದು ಸಣ್ಣ ಬ್ರ್ಯಾಂಡಿನ ಫೇಸ್ ಕ್ರೀಮು ಹಂಚ್ತಿದ್ದೆ, ಫ್ಯಾಕ್ಟರಿಯವ್ರು ಹೇಳದೇ ಕೇಳದೇ ಒಳಗಿನ ಒಂದು ಸಾಮಾನು ಅಗ್ಗದ್ದು ಹಾಕಿದ್ರು, ಏಪ್ರಿಲ್ ಬಿಸಲಿಗೆ ನಮ್ಮ ಗೋಡೌನಿನ್ಯಾಗ ಕ್ರೀಮಿಂದ ನೀರು ಬ್ಯಾರೆ ಎಣ್ಣಿ ಬ್ಯಾರೆ ಆತು. 2,400 ಡಬ್ಬಿ ಒಂದೊಂದಾಗಿ ಅಂಗಡಿಂದ ವಾಪಸ್ ಬಂದ್ವು. ಕಾಗದ ಇರಲಿಲ್ಲ, ಅದಕ್ಕ ಆ ಬ್ರ್ಯಾಂಡಿಗೆ ರೊಕ್ಕ ಹಾಕಿದ್ದ ಮಾಲಕನ ಮಾವ ಲುಕ್ಸಾನು ಪೂರಾ ಹೊತ್ಕೊಂಡ್ರು. ಆ ಮಾವ-ಅಳಿಯ ಈಗೂ ಮಾತಾಡೂದಿಲ್ಲ.

ಲೈಸೆನ್ಸ್ ಜೊತಿ ಲೇಬಲ್ ಮ್ಯಾಲಿನ ಮಾತೂ ನೋಡ್ಕೋರಿ. "ಆಯುರ್ವೇದಿಕ್" ಅಂತ ಬರದ್ರ ಲೈಸೆನ್ಸೇ ಬ್ಯಾರೆ, ಅದು ಆಯುಷ್ ಕಡೆಯಿಂದ ಆಗ್ಬೇಕು. "ಹೊಸ ಕೂದಲ ಬರ್ತಾವ", "ಬೋಳು ತಲಿಗೆ ಪರಿಹಾರ" ಅಂದ್ರಂತೂ ಮುಗೀತು, ಅದು ಔಷಧಿ ಮಾತು, ಡ್ರಗ್ಸ್ ರೂಲ್ಸಿನ ಶೆಡ್ಯೂಲ್ ಜೆ ಅಂತ ಅದ, ಔಷಧಿಯವ್ರು ಕೂಡ ಅಂಥಾ ಭರವಸಿ ಕೊಡಬಾರದು ಅಂತ ಅದ್ರಾಗ ಪಟ್ಟಿ ಮಾಡಿ ಹೇಳ್ಯಾರ. ನಿಮ್ಮ ಇನ್‌ಸ್ಟಾ ಪೋಸ್ಟ್ ನಾ ನೋಡಿಲ್ಲ, ಆದ್ರ ಅಂಥವು ಇದ್ರ ಕಾಕಾರನ್ನ ಭೆಟ್ಟಿಯಾಗೋಕಿಂತ ಮೊದ್ಲು ತಗದು ಬಿಡ್ರಿ. "ಕೂದಲಕ್ಕ ಮೆದುವು, ಹೊಳಪು, ತಲಿಗೆ ತಂಪು" ಇಷ್ಟು ಸಾಕು.

ಈಗ 11 ಐಟಂ ವಿಷಯ. ಐಟಂ ಹೆಚ್ಚಿದ್ರ ಕಂಪನಿ ದೊಡ್ಡದು ಕಾಣ್ತದ ಅಂತ ಎಲ್ಲಾರೂ ಅನ್ಕೋತಾರ. ರೊಕ್ಕ ಹಾಕೋರಿಗೆ ಅದು ಉಲ್ಟಾ ಕಾಣ್ತದ. ಥರ್ಡ್ ಪಾರ್ಟಿಯವ್ರು ಒಂದೊಂದು ಐಟಮ್ಮಿಗೆ ಸಾಮಾನ್ಯವಾಗಿ 500ರಿಂದ 1,000 ಪೀಸಿಗಿಂತ ಕಮ್ಮಿ ಆದ್ರ ಕೈ ಹಚ್ಚೂದಿಲ್ಲ, ಅಂದ್ರ 11 ಐಟಂ ಶುರು ಮಾಡಾಕನ ಹತ್ತು ಲಕ್ಷದಾಗ ದೊಡ್ಡ ಪಾಲು ಗೋಡೌನಿನ್ಯಾಗ ಕೂಡ್ತದ, ಅದ್ರಾಗ ಎಂಟು ಐಟಂ ಹಂಗಾ ಎಕ್ಸ್‌ಪೈರ್ ಆಗ್ತಾವ. ಎಣ್ಣಿ ಒಂದನ್ನಾ ಇಟ್ಕೋರಿ. ಇನ್ನೊಂದು ಕಾರಣನೂ ಅದ: ಕ್ರೀಮು, ಜೆಲ್ ಒಳಗ ನೀರಿರ್ತದ, ನೀರಿದ್ದಲ್ಲಿ ಬೂಸ್ಟು, ಬ್ಯಾಕ್ಟೀರಿಯಾ ಬೆಳೀತಾವ, ಪ್ರಿಸರ್ವೇಟಿವ್ ಬೇಕು, ಅದ್ರ ಟೆಸ್ಟಿಂಗ್ ಬೇಕು. ಎಣ್ಣ್ಯಾಗ ನೀರಿಲ್ಲದ್ರಿಂದ ಆ ತ್ರಾಸ ಕಮ್ಮಿ. ಹಂಗಂತ ಇಲ್ಲಾ ಅಂತಲ್ಲ, ಕರಿಬೇವು ದಾಸಾಳ ಹಸೀದ ಹಾಕಿ ಕುದಿಸಿದ್ರ ಪಸಿ ಉಳದು ಎಣ್ಣಿ ಲಗೂನ ಕಮಟ ವಾಸನಿ ಹೊಡೀತದ. ಕುಸುಬಿ ಎಣ್ಣಿ ಹೆಚ್ಚು ಹಾಕಿದ್ರೂ ಹಂಗಾ, ಬಾಟಲ್ಯಾಗ ಛಲೋ ಹರೀತದ ಆದ್ರ ಗಾಳಿ ಬಡದ್ರ ಕೆಡೋದು ಲಗೂ. ಬರೇ ಕೊಬ್ಬರಿ ಎಣ್ಣಿ ಹಾಕಿದ್ರ ಸುಮಾರು 24 ಡಿಗ್ರಿ ಕೆಳಗ ಗಟ್ಟಿ ಆಗ್ತದ, ಡಿಸೆಂಬರ್ ಮುಂಜಾನೆ ಧಾರವಾಡದಾಗ ಬಾಟಲಿ ತಲಿಕೆಳಗ ಮಾಡಿದ್ರೂ ಒಂದು ಹನಿ ಬರೂದಿಲ್ಲ, ಕಾಕಾರ ಕೈಯಾಗ ಹಂಗಾದ್ರ ನಿಮ್ಮ ಮಾರಿ ನೋಡಂಗಿರೂದಿಲ್ಲ. ಕುಸುಬಿ, ಕೊಬ್ಬರಿ ಎರಡನ್ನೂ ಯಾವ ಪ್ರಮಾಣದಾಗ ಕೂಡಿಸೀರಿ, ಯಾಕ ಅಂತ ಒಂದು ಸಾಲಿನ್ಯಾಗ ಹೇಳಾಕ ಬಂದ್ರ ಅದಾ ನಿಮ್ಮ ಪಿಚ್ಚಿನ ಭಾರಿ ಮಾತು. ಪ್ರತಿ ಬ್ಯಾಚಿಂದು ಒಂದು ಬಾಟಲಿ ತಾರೀಖು ಬರದು ಎತ್ತಿ ಇಡ್ತೀರೇನು? ಇಟ್ಟಿದ್ರ ಆರು ತಿಂಗಳ ಹಿಂದಿನ ಬಾಟಲಿನೂ, ಮೊನ್ನೆದೂ ಎರಡೂ ಒಯ್ರಿ, ಮುಚ್ಚಳ ತಗದು ಮೂಸಿ ನೋಡ್ರಿ ಕಾಕಾ ಅನ್ರಿ. ಲ್ಯಾಬ್ ರಿಪೋರ್ಟ್ ಆಮ್ಯಾಲ ಬರ್ತದ, 40 ಡಿಗ್ರಿಯೊಳಗ ಮೂರು ತಿಂಗಳು ಇಟ್ಟು ನೋಡೋ ಸ್ಟೆಬಿಲಿಟಿ ಟೆಸ್ಟ್ ಹೆಂಗೂ ಮಾಡಿಸ್ಲಿಕ್ಕೇ ಬೇಕು, ಆದ್ರ ಮೊದಲ ಭೆಟ್ಟಿಗೆ ಆ ಎರಡು ಬಾಟಲಿ ಸಾಕು.

ಹಾಳಿಯ ಮೊದಲ ಬದಿಗೆ ಒಂದು ಬಾಟಲಿ ಲೆಕ್ಕ ಬರ್ಬೇಕು. ನಾ ಒಂದು ಲೆಕ್ಕ ಹಾಕಿ ತೋರಿಸ್ತೀನಿ, ಇದ್ರಾಗಿನ ಅಂಕಿ ನಾ ಹಿಡದದ್ದು, ನಿಮ್ಮ ಕೊಟೇಷನ್ ಬಂದ ಮ್ಯಾಲೆ ನಿಮ್ಮವು ಹಾಕ್ಕೋರಿ.

100 ಎಂಎಲ್ ಬಾಟಲಿ, ಎಂಆರ್‌ಪಿ 199. ಒಳಗಿನ ಎಣ್ಣಿ, ಬಾಟಲಿ, ಲೇಬಲ್, ಡಬ್ಬಿ, ತುಂಬೋ ಕೂಲಿ, ಟೆಸ್ಟಿಂಗ್ ಎಲ್ಲಾ ಸೇರಿ ಜಿಎಸ್‌ಟಿ ಬಿಟ್ಟು 70 ರೂಪಾಯಿಗೆ ಕೈಗೆ ಬರ್ತದ ಅನ್ಕೋರಿ. 199ರಾಗ 70 ಕಳದ್ರ 129 ಲಾಭ ಅಂತ ಬಹುತೇಕ ಮಂದಿ ಸ್ಲೈಡಿನ್ಯಾಗ ಬರದಿರ್ತಾರ. ಆ 129 ಎಲ್ಲೂ ಇಲ್ಲ. ಅಂಗಡಿಗೆ ಹಾಕಿದ್ರ ಅಂಗಡಿಯವ್ರು ಹೊಸ ಬ್ರ್ಯಾಂಡಿಗೆ ಎಂಆರ್‌ಪಿ ಮ್ಯಾಲೆ 25% ಕೇಳ್ತಾರ, 50 ರೂಪಾಯಿ ಹೋತು. ಡಿಸ್ಟ್ರಿಬ್ಯೂಟರ್ 8%, 16 ರೂಪಾಯಿ. ಉಳದದ್ದು 133, ಅದ್ರಾಗ ಜಿಎಸ್‌ಟಿ ಸೇರೇದ. ತಲಿ ಎಣ್ಣಿಗೆ 2025ರ ಸೆಪ್ಟೆಂಬರ್ 22ರಿಂದ 18% ಇದ್ದದ್ದು 5% ಆಗೇದ, ಅದನ್ನ ತಗದ್ರ ನಿಮ್ಮ ಕೈಗೆ ಸುಮಾರು 127. (ಕ್ರೀಮು, ಲೋಷನ್‌ಗೆ ಈಗೂ 18%, ಎಣ್ಣಿ ಹಿಡ್ಕೋರಿ ಅಂದದ್ದಕ್ಕ ಇದೂ ಒಂದು ಕಾರಣ.) ಅಷ್ಟಕ್ಕ ಮುಗೀಲಿಲ್ಲ, ದುರ್ಗದಬೈಲಿನ ಯಾವ ಅಂಗಡಿಗೆ ಹೋದ್ರೂ "ಹತ್ತಕ್ಕ ಒಂದು ಫ್ರೀ ಏನ್ರಿ?" ಅಂತಾರ. 11 ಬಾಟಲಿ ಕೊಟ್ಟು 10ರ ರೊಕ್ಕ ತಗೊಂಡ್ರ ಒಂದಕ್ಕ 115 ಬಿತ್ತು. ಮಾಲಿನ 70ರ ಮ್ಯಾಲೆ ಸಾಗಾಣಿಕಿ 5, ಒಡದದ್ದು-ವಾಪಸ್ ಬಂದದ್ದು 5, ಟೆಸ್ಟರ್ 5, ಒಟ್ಟು 85. ಉಳದದ್ದು ಬಾಟಲಿಗೆ 30 ರೂಪಾಯಿ.

ಆ 30 ರೂಪಾಯ್ಯಾಗ ಒಬ್ಬ ಸೇಲ್ಸ್ ಹುಡುಗನ ಪಗಾರ 18,000, ಪೆಟ್ರೋಲ್ 4,000, ಜಾಹೀರಾತು 8,000, ನಿಮ್ಮ ಹೊಟ್ಟಿಪಾಡಿಗೆ 15,000, ಕೂಡಿ 45,000 ತಿಂಗಳಿಗೆ ಬೇಕು. ಭಾಗಿಸ್ರಿ, 1,500 ಬಾಟಲಿ ಮಾರಿದ್ರ ಲಾಭನೂ ಇಲ್ಲ ಲುಕ್ಸಾನೂ ಇಲ್ಲ. ಹೊಸ ಬ್ರ್ಯಾಂಡ್ ಒಂದು ಅಂಗಡ್ಯಾಗ ತಿಂಗಳಿಗೆ ಎಂಟು ಬಾಟಲಿ ಹೋದ್ರ ಪುಣ್ಯ, ಅಂದ್ರ 190 ಅಂಗಡಿ. ಅಷ್ಟೂ ಕಡೆ ಉದ್ರಿ. ಬಾಯಿಲೆ 30 ದಿನ ಅಂತಾರ, ನಾ ವಸೂಲಿ ಮಾಡಿದ್ದು 60-75 ದಿನಕ್ಕ, ಅದೂ ಮೂರು ಸಲ ಹೋಗಿ ಚಾ ಕುಡದು ಬಂದ ಮ್ಯಾಲೆ. ಈ ಅಂಗಡಿ ದಾರಿ ಈಗ ನಿಮಗಲ್ಲ ಅನ್ನೋದನ್ನ ನೀವಾ ಹಾಳಿ ಮ್ಯಾಲೆ ಲೆಕ್ಕ ಸಮೇತ ಬರೀರಿ. ಕಾಕಾರಿಗೆ ಉದ್ರಿ ಅಂದ್ರ ಏನು ಅಂತ ನಾವು ಹೇಳಿ ಕೊಡೋದು ಬ್ಯಾಡ, ಆದ್ರ ಈ ಹುಡುಗಿಗೆ ತಿಳದದ ಅಂತ ಅವ್ರಿಗೆ ಗೊತ್ತಾಗ್ಬೇಕು.

ಈಗ ನೇರ ಮಾರಾಟ ನೋಡ್ರಿ. 199ರಾಗ ಜಿಎಸ್‌ಟಿ ತಗದ್ರ 189 ಚಿಲ್ಲರ. ಮಾಲು 70. ಒಂದಾ ಬಾಟಲಿ ಕೊರಿಯರ್ ಮಾಡಿದ್ರ ಡಬ್ಬಿ ಸೇರಿ 60 ಹಿಡೀರಿ, ಉಳೀತದ 60ರ ಆಸುಪಾಸು. ಎರಡು ಬಾಟಲಿ ಒಂದಾ ಪಾರ್ಸಲ್ಲಿನ್ಯಾಗ 70 ರೂಪಾಯಿಗೆ ಹೋದ್ರ ಬಾಟಲಿಗೆ 84 ಉಳೀತದ. ಸರಾಸರಿ 70 ಅಂತಿಟ್ಕೋರಿ. ಮ್ಯಾಲೆ ರೊಕ್ಕ ಮೊದಲಾ ಬರ್ತದ, ಉದ್ರಿ ಇಲ್ಲ. ಆದ್ರ ಇದು ನಿಲ್ಲೋದು ಒಂದಾ ಕಾಲಿನ ಮ್ಯಾಲೆ: ಒಂದ್ಸಲ ತಗೊಂಡವ್ರು ಮತ್ತ ಬರ್ಬೇಕು. ಪ್ರತಿ ಗಿರಾಕಿನ್ನೂ ಹೊಸದಾಗಿ ಜಾಹೀರಾತು ಕೊಟ್ಟು ಹಿಡ್ಕೊಂಡು ಬರೋದಾದ್ರ ಆ 70 ರೂಪಾಯಿ ಇನ್‌ಸ್ಟಾಕ್ಕಾ ಹೋಗ್ತದ.

ಅದಕ್ಕ ನಿಮ್ಮ 310 ಮಂದಿ ಅಂತೀರಲ್ಲ, ಆ ಅಂಕಿನ್ನ ಹಂಗಾ ತೋರಿಸಬ್ಯಾಡ್ರಿ, ಸೋಸ್ರಿ. ಒಂದು ದಿನ ಕೂತು ವಾಟ್ಸಾಪ್ ಚಾಟೂ ಯುಪಿಐ ಸ್ಟೇಟ್‌ಮೆಂಟೂ ಮುಂದಿಟ್ಕೊಂಡು ಒಂದು ನೋಟ್‌ಬುಕ್ಕಿನ್ಯಾಗ ಹೆಸರು, ಮೊದ್ಲು ತಗೊಂಡ ತಾರೀಖು, ಆಮ್ಯಾಲಿನ ತಾರೀಖು ಬರೀರಿ. ಬೀಗರು, ಗೆಳತ್ಯಾರು, ಅಪ್ಪಾರ ಆಫೀಸಿನವ್ರು, ಅಂದ್ರ ನಿಮ್ಮ ಮಾರಿ ನೋಡಿ ತಗೊಂಡವ್ರನ್ನ ಹೊಡದು ಹಾಕ್ರಿ. 60 ಮಂದಿ ಹೋದ್ರು ಅನ್ಕೋರಿ, 250 ಉಳದ್ರು. 100 ಎಂಎಲ್ ಎಣ್ಣಿ ಒಬ್ರಿಗೆ ಐದಾರು ವಾರ ಬರ್ತದ, ಹೋದ ತಿಂಗಳು ತಗೊಂಡವ್ರು ಇನ್ನೂ ಮುಗಿಸೇ ಇರೂದಿಲ್ಲ, ಅವ್ರನ್ನ ಎಣಿಸಿದ್ರ ನಿಮ್ಮ ಲೆಕ್ಕ ಸುಮ್ನ ಕಮ್ಮಿ ಕಾಣ್ತದ. ಹಂಗಾಗಿ ಹಿಂದಿನ ಮೂರು ತಿಂಗಳದಾಗ ಮೊದಲ ಸಲ ತಗೊಂಡವ್ರನ್ನೂ ಬಿಡ್ರಿ, 70 ಮಂದಿ ಅನ್ಕೋರಿ, 180 ಉಳೀತು. ಈ 180 ಮಂದ್ಯಾಗ 54 ಮಂದಿ ಎರಡನೇ ಸಲ ತಗೊಂಡಾರ ಅಂದ್ರ 30%. ಅವ್ರಾಗ ಮೂರನೇ ಸಲ ಬಂದವ್ರೆಷ್ಟು ಅದನ್ನೂ ಬರೀರಿ, ಯಾಕಂದ್ರ ಎರಡನೇ ಸಲ ಸಂಕೋಚಕ್ಕ ತಗೋಬಹುದು, ಮೂರನೇ ಸಲ ಯಾರೂ ಸಂಕೋಚಕ್ಕ ತಗೋಳೂದಿಲ್ಲ. 310 ಅನ್ನೋ ಮಾತಿಗಿಂತ "180ರಾಗ 54, ಅದ್ರಾಗ 31 ಮೂರನೇ ಸಲ" ಅನ್ನೋ ಮಾತು ಕಾಕಾರ ಕಿವಿಗೆ ಭಾಳ ಗಟ್ಟಿ ಬೀಳ್ತದ. ಸೋಸಿದ ಮ್ಯಾಲೆ 10% ಬಂತು ಅಂದ್ರ? ಆಗ ರೊಕ್ಕ ಕೇಳೋ ಹೊತ್ತು ಇನ್ನೂ ಬಂದಿಲ್ಲ, ಬಿಟ್ಟು ಹೋದ ಇಪ್ಪತ್ತು ಮಂದಿಗೆ ಫೋನ್ ಹಚ್ಚಿ ಯಾಕ ಬಿಟ್ರಿ ಅಂತ ಕೇಳ್ರಿ, ವಾಸನಿನೋ, ಜಿಡ್ಡೋ, ರೇಟೋ ಗೊತ್ತಾಗ್ತದ.

ಹಾಳಿಯ ಎರಡನೇ ಬದಿಗೆ ಎಷ್ಟು ರೊಕ್ಕ, ಎಲ್ಲಿ ಹೋಗ್ತದ. ಹತ್ತು ಲಕ್ಷ ಅವ್ರು ಬಾಯಿ ಮಾತಿಗೆ ಅಂದದ್ದು, ಅದನ್ನ ಹಿಡ್ಕೊಂಡು ಖರ್ಚು ಹುಡುಕಬ್ಯಾಡ್ರಿ. ನನ್ನ ಲೆಕ್ಕದಾಗ ನಿಮಗ ನಾಲ್ಕು ಲಕ್ಷ ಸಾಕು. ಸಾವಿರ ಬಾಟಲಿಯ ಎರಡು ಬ್ಯಾಚು 1,40,000. ಟೆಸ್ಟಿಂಗ್, ಲೇಬಲ್ ಡಿಸೈನ್, ಟ್ರೇಡ್‌ಮಾರ್ಕ್ ಸೇರಿ 45,000 (ಟ್ರೇಡ್‌ಮಾರ್ಕ್ ಕ್ಲಾಸ್ 3ರಾಗ ಹಾಕ್ಬೇಕು, ಆನ್‌ಲೈನ್ ಅರ್ಜಿಗೆ ವ್ಯಕ್ತಿಗೂ ಸಣ್ಣ ಉದ್ದಿಮೆಗೂ ಸರ್ಕಾರಿ ಫೀ 4,500). ಆರು ತಿಂಗಳು ಪ್ಯಾಕಿಂಗಿಗೆ ಒಬ್ಬಾಕಿ ಸಹಾಯಕಿ 72,000. ಜಾಹೀರಾತು, ಎಕ್ಸಿಬಿಷನ್ ಸ್ಟಾಲು, ಸ್ಯಾಂಪಲ್ 75,000. ಉಳದ 68,000 ಮುಟ್ಟದೇ ಇಡೋ ರೊಕ್ಕ. ಇದ್ರಾಗ ನಿಮ್ಮ ಪಗಾರ ಇಲ್ಲ, ಅದನ್ನೂ ಬಾಯಿ ಬಿಟ್ಟು ಹೇಳ್ರಿ, ಆರು ತಿಂಗಳು ಮನಿಯವ್ರು ನೋಡ್ಕೋತಾರ ಅಂತ. ನೋಡ್ಕೊಳೂದಿಲ್ಲ ಅಂದ್ರ ಅದನ್ನೂ ಬರದು ಕೇಳ್ರಿ, ಬಚ್ಚಿಟ್ಟು ಜಾಹೀರಾತಿನ ಲೆಕ್ಕದಾಗ ತಗೋಬ್ಯಾಡ್ರಿ.

ಅದೂ ಒಂದಾ ಸಲಕ್ಕ ಬ್ಯಾಡ. ಮೊದಲ ಕಂತು ಸುಮಾರು 1.8 ಲಕ್ಷ: ಒಂದು ಬ್ಯಾಚು, ಟೆಸ್ಟಿಂಗ್-ಲೇಬಲ್, ಮೂರು ತಿಂಗಳ ಸಹಾಯಕಿ, ಸ್ವಲ್ಪ ಜಾಹೀರಾತು. ಮಾಲು ಕೈಗೆ ಬಂದು ನಾಲ್ಕು ತಿಂಗಳದಾಗ ಸಾವಿರದಾಗ 600 ಬಾಟಲಿ ಪರಿಚಯ ಇಲ್ಲದವ್ರಿಗೆ ಹೋದ್ರ, ಹಳೇವ್ರು ತಿರುಗಿ ಬರೋದು 25% ದಾಟಿದ್ರ ಎರಡನೇ ಕಂತು, ಇಲ್ಲಂದ್ರ ಇಲ್ಲ. ಈ ಶರ್ತು ನೀವಾ ಹಾಕ್ರಿ, ಅವ್ರು ಕೇಳೂತನಕ ಕಾಯಬ್ಯಾಡ್ರಿ. ಹೊಸಬ್ರಿಗೆ ಇದು ಹೆದರಿಕಿ ಅನಸ್ತದ, ಎರಡನೇ ಕಂತು ಬರಲಿಲ್ಲ ಅಂದ್ರ ಹೆಂಗ ಅಂತ. ಬರಲಿಲ್ಲ ಅಂದ್ರ ನೀವು 1.8 ಲಕ್ಷದ ಋಣದಾಗ ಉಳೀತೀರಿ, ಹತ್ತು ಲಕ್ಷದ್ದಾಗಲ್ಲ.

ಮೊದಲ ತಿಂಗಳುಗಳ ಲುಕ್ಸಾನೂ ಬರೀರಿ. ತಿಂಗಳಿಗೆ 250 ಬಾಟಲಿ ಹೋದ್ರ 70ರಂಗ 17,500 ಉಳೀತದ, ಸಹಾಯಕಿಗೆ 12,000, ಜಾಹೀರಾತು-ಸ್ಟಾಲಿಗೆ 9,000, ಅಂದ್ರ 3,500 ಕಮ್ಮಿ ಬೀಳ್ತದ. 300ಕ್ಕ ಸಮ ಆಗ್ತದ. 400 ಹೋದ್ರ 7,000 ಉಳೀತದ. ಈಗ ನೀವು 50ರಾಗ ಅದೀರಿ, 50ರಿಂದ 300ಕ್ಕ ಹೆಂಗ ಹೋಗ್ತೀರಿ ಅನ್ನೋದು ಕಾಕಾರ ಖರೇ ಪ್ರಶ್ನೆ, ಅದಕ್ಕ "ಮಾರ್ಕೆಟಿಂಗ್ ಮಾಡ್ತೀನಿ" ಅನ್ನೋದು ಉತ್ತರ ಅಲ್ಲ. ಹೋದ ಎಕ್ಸಿಬಿಷನ್ನಿನ್ಯಾಗ ಸ್ಟಾಲಿಗೆ ಎಷ್ಟು ಕೊಟ್ರಿ, ಎಷ್ಟು ಬಾಟಲಿ ಹೋದ್ವು, ಅಲ್ಲಿ ತಗೊಂಡವ್ರಾಗ ಎಷ್ಟು ಮಂದಿ ತಿರುಗಿ ಫೋನ್ ಹಚ್ಚಿದ್ರು, ಇದ್ರ ಲೆಕ್ಕ ಒಂದೆರಡು ಸಲದ್ದಾದ್ರೂ ಇಟ್ಕೋರಿ.

ಇನ್ನ ಪಾಲಿನ ಮಾತು. ನಮ್ಮ ಕಡೆ ವ್ಯಾಪಾರಸ್ಥರಿಗೆ ಮೊದ್ಲು ನೆನಪಾಗೋದು ಬಡ್ಡಿ. ನೂರಕ್ಕ ಒಂದೂವರಿ ಅಂದ್ರ ನಾಲ್ಕು ಲಕ್ಷಕ್ಕ ತಿಂಗಳಿಗೆ 6,000. ಮ್ಯಾಲಿನ ಲೆಕ್ಕ ನೋಡ್ರಿ, ತಿಂಗಳಿಗೆ 400 ಬಾಟಲಿ ಮಾರಿದ್ರೂ ಉಳದ 7,000ದಾಗ 6,000 ಬಡ್ಡಿಗೇ ಹೋತು, ಅಸಲು ಹಂಗಾ ನಿಂತದ. ಹಿಂಗಾಗಿ ಸಾಲ ನಿಮಗ ಈಗ ತಡಕೊಳ್ಳಾಕ ಆಗೂದಿಲ್ಲ, ಅವ್ರು ಎಷ್ಟಾ ಪ್ರೀತಿಲೆ ಕೊಟ್ರೂ. ಬಾಟಲಿಗೆ ಇಷ್ಟು ಅಂತ ಕೊಡೋದು ಇನ್ನೊಂದು ರೀತಿ, ಕೇಳಾಕ ಚಂದ ಅನಸ್ತದ: ನಾಲ್ಕು ಲಕ್ಷ 5.2 ಲಕ್ಷ ಆಗೂತನಕ ಬಾಟಲಿಗೆ 15 ರೂಪಾಯಿ. ಭಾಗಿಸಿದ್ರ ಸುಮಾರು 34,700 ಬಾಟಲಿ, ತಿಂಗಳಿಗೆ 500 ಮಾರಿದ್ರೂ ಆರು ವರ್ಷ ಹತ್ರ ಬರ್ತದ, ಕಾಕಾರು ನಕ್ಕು ಬಿಡ್ತಾರ.

ನನಗ ಸರಿ ಕಾಣೋದು ಪಾಲುದಾರಿಕಿ, ಅದೂ ಎಲ್‌ಎಲ್‌ಪಿ, ಅಂದ್ರ ಲಿಮಿಟೆಡ್ ಲಯಬಿಲಿಟಿ ಪಾರ್ಟ್ನರ್‌ಶಿಪ್ ಮಾಡಿ. ಬರೇ ಪಾರ್ಟ್ನರ್‌ಶಿಪ್ ಪತ್ರ ಅಗ್ಗ, ಆದ್ರ ಅದ್ರಾಗ ಜವಾಬ್ದಾರಿಗೆ ಮಿತಿ ಇಲ್ಲ, ನಾಳೆ ಯಾರಿಗರ ತಲಿ ತುಂಬ ಗುಳ್ಳಿ ಎದ್ದು ಕೇಸ್ ಹಾಕಿದ್ರ ಕಾಕಾರ ಹಾರ್ಡ್‌ವೇರ್ ಅಂಗಡಿತನಕ ಕೈ ಬರಬಹುದು. ಎಲ್‌ಎಲ್‌ಪಿಯೊಳಗ ಸಾಮಾನ್ಯವಾಗಿ ಜವಾಬ್ದಾರಿ ಹಾಕಿದ ಬಂಡವಾಳಕ್ಕಷ್ಟಾ ಸೀಮಿತ ಇರ್ತದ. ಅದ್ರ ಕಿರಿಕಿರಿ ಅಂದ್ರ ವ್ಯಾಪಾರ ಆಗ್ಲಿ ಬಿಡ್ಲಿ ವರ್ಷಾ ಲೆಕ್ಕಪತ್ರ ಸಲ್ಲಿಸ್ಬೇಕು, ತಪ್ಪಿದ್ರ ದಂಡ. ಪ್ರೈವೇಟ್ ಲಿಮಿಟೆಡ್ ಈಗಾ ಬ್ಯಾಡ, ನಾಳೆ ದೊಡ್ಡ ಹೂಡಿಕಿದಾರ್ರು ಬಂದ್ರ ಆಗ ನೋಡೋಣ. ಪಾಲು ಎಷ್ಟು ಅಂದ್ರ, ಮಾಲಕಿ ಹಕ್ಕು ಅವ್ರಿಗೆ 25%, ಆದ್ರ ಹಾಕಿದ ರೊಕ್ಕ ತಿರುಗಿ ಬರೂತನಕ ಲಾಭದಾಗ ಅರ್ಧ, ಆಮ್ಯಾಲ 25% ಅಂತ ನಾನಾಗಿದ್ರ ಕೇಳ್ತಿದ್ದೆ. ಅವ್ರು 40 ಕೇಳ್ಬಹುದು, 30ಕ್ಕ ನಿಂತ್ರೂ ಅಡ್ಡಿಯಿಲ್ಲ. ಅರ್ಧ ಮಾತ್ರ ಬಿಟ್ಟು ಕೊಡಬ್ಯಾಡ್ರಿ, ಹತ್ತು ಲಕ್ಷ ತಗೊಂಡಿದ್ರ ಅರ್ಧಕ್ಕಿಂತ ಕಮ್ಮಿಗೆ ಅವ್ರು ಒಪ್ತಿರಲಿಲ್ಲ, ಕಮ್ಮಿ ಕೇಳ್ರಿ ಅಂದದ್ದು ಅದಕ್ಕೂ. "ಲಾಭ" ಅಂದ್ರ ಏನು ಅನ್ನೋದನ್ನ ಮಾತ್ರ ಪತ್ರದಾಗ ಬಿಡಿಸಿ ಬರೀರಿ, ನಿಮ್ಮ ಪಗಾರ ಕಳದ ಮ್ಯಾಲಿನದೋ ಮೊದಲಿನದೋ. ಜಗಳ ಹುಟ್ಟೋದು ಇದಾ ಒಂದು ಶಬ್ದದಾಗ.

ಒಂದು ಪ್ರಶ್ನೆ ಅವ್ರು ಕೇಳೇ ಕೇಳ್ತಾರ, ಬಾಯಿಲೆ ಕೇಳ್ದಿದ್ರೂ ಮನಸಿನ್ಯಾಗ: "ನಾಳೆ ಮದುವಿಯಾಗಿ ಬೆಂಗಳೂರಿಗೋ ಪುಣೆಕ್ಕೋ ಹೋದಿ ಅಂದ್ರ?" ಕೇಳಿದ ಕೂಡ್ಲೇ ಸಿಟ್ಟು ಬರ್ತದ, ಬರ್ಬೇಕಾದದ್ದೇ, ಹುಡುಗರಿಗೆ ಯಾರೂ ಇದನ್ನ ಕೇಳೂದಿಲ್ಲ. ಆದ್ರ ಅದ್ರೊಳಗ ಒಂದು ವ್ಯಾಪಾರದ ಪ್ರಶ್ನೆ ಅದ, ಈ ಎಣ್ಣಿ ನಿಮ್ಮ ಕೈ ಬಿಟ್ಟು ನಡೀತದೇನು ಅಂತ. ಅದಕ್ಕ ಉತ್ತರ ಕೊಡ್ರಿ: ಸೂತ್ರ ಗ್ರಾಂ ಲೆಕ್ಕದಾಗ ಬರದಿಟ್ಟೀನಿ, ಮಾಡೋದು ಫ್ಯಾಕ್ಟರಿ, ಬ್ರ್ಯಾಂಡ್ ಹೆಸರು ಎಲ್‌ಎಲ್‌ಪಿ ಹೆಸರಿನ್ಯಾಗ, ಆರ್ಡರ್ ಫೋನಿನ್ಯಾಗ, ನಾ ಎಲ್ಲಿದ್ರೂ ನಡೀತದ, ಒಬ್ರು ಬಿಡ್ಬೇಕಂದ್ರ ಇನ್ನೊಬ್ರು ಪಾಲು ಹೆಂಗ ತಗೋಬೇಕು ಅಂತ ಪತ್ರದಾಗ ಬರದದ. ಇಷ್ಟು ಹೇಳಿ ಸುಮ್ನಾಗ್ರಿ.

ಭೆಟ್ಟಿಗೆ ಅವ್ರ ಅಂಗಡಿಗೇ ಹೋಗ್ರಿ, ಮಧ್ಯಾಹ್ನ ಊಟ ಆದ ಮ್ಯಾಲೆ ಗಿರಾಕಿ ಕಮ್ಮಿ ಇರೋ ಹೊತ್ತಿಗೆ, ಅಪ್ಪಾರನ್ನ ಕರ್ಕೊಂಡು ಹೋಗದೇ. ಅಪ್ಪಾರು ಬಂದ್ರ ಅವ್ರಿಬ್ರೂ ಹಳೇ ಮಾತು ತಗೀತಾರ, ಇಲ್ಲಾ ಕಾಕಾರು ಬ್ಯಾಡ ಅನ್ನಾಕ ಆಗದೇ ಹ್ಞೂಂ ಅಂತಾರ, ಅಂಥಾ ಹ್ಞೂಂ ಎರಡನೇ ಕಂತಿಗೆ ಬರೂದಿಲ್ಲ. ಮೊದ್ಲು ಎರಡು ಬಾಟಲಿ, ಆಮ್ಯಾಲ ಬಾಟಲಿ ಲೆಕ್ಕ, ಆಮ್ಯಾಲ 180ರಾಗ 54, ಕಡೀಕ ನಾಲ್ಕು ಲಕ್ಷ. ಹದಿನೈದು ನಿಮಿಷ ಸಾಕು. ಅವ್ರು ಹಾಳಿ ಮ್ಯಾಲೆ ಪೆನ್ನಿಲೆ ಅಂಕಿ ತಿದ್ದಾಕ ಹತ್ತಿದ್ರು ಅಂದ್ರ ಕೆಲಸ ಆತು ಅಂತ ತಿಳ್ಕೋರಿ, ತಿದ್ದಾಕ ಬಿಡ್ರಿ, ವಾದ ಮಾಡಬ್ಯಾಡ್ರಿ. ಉದ್ರಿ ಅಂಕಿ ಅವ್ರು ನನಗಿಂತ ಛಲೋ ಹಾಕ್ತಾರ.

ಅವ್ರು ಖುಷ್ಯಾಗಿ ಅಲ್ಲೇ ಗಲ್ಲಾಪೆಟ್ಟಿಗಿ ತಗದು ರೊಕ್ಕ ಎಣಿಸಿ ಕೊಟ್ರೂ ತಗೋಬ್ಯಾಡ್ರಿ. 20,000 ಅಥವಾ ಅದಕ್ಕ ಮ್ಯಾಲಿನ ಸಾಲ ನಗದಾಗಿ ತಗೊಂಡ್ರ ಆದಾಯ ತೆರಿಗೆ ಕಾನೂನಿನ್ಯಾಗ ತಗೊಂಡಷ್ಟೇ ಮೊತ್ತ ದಂಡ ಬೀಳಬಹುದು, ಬಂಡವಾಳ ಅಂತ ಕೊಟ್ಟದ್ದು ಕಾಗದ ಇಲ್ಲದಾಗ ಸಾಲನಾ ಅನಸ್ಕೊಳ್ತದ. ಎಲ್‌ಎಲ್‌ಪಿ ರಿಜಿಸ್ಟರ್ ಆಗ್ಲಿ, ಅದ್ರ ಹೆಸರಿನ್ಯಾಗ ಬ್ಯಾಂಕ್ ಖಾತೆ ತಗೀರಿ, ಮೊದಲ ಕಂತು ಅವ್ರ ಖಾತೆಯಿಂದ ಆ ಖಾತೆಗೆ ಬರ್ಲಿ, ಕಾರಣದ ಜಾಗದಾಗ ಪಾಲುದಾರರ ಬಂಡವಾಳ ಅಂತ ಬರೆಸ್ರಿ.